ಎರಡನೇ ಶನಿವಾರ ಮಾತ್ರ ಅಂದರೆ ಕ್ರಾನ್ ಕೇಳುವುದಿಲ್ಲ

2015ರ ಸೆಪ್ಟೆಂಬರ್‌ನಿಂದ ನಮ್ಮಲ್ಲಿ ಎರಡನೇ ಮತ್ತು ನಾಲ್ಕನೇ ಶನಿವಾರ ಬ್ಯಾಂಕುಗಳಿಗೆ ರಜೆ. ಹಾಗಾಗಿ ಲೆಕ್ಕಪತ್ರ ನೋಡಿಕೊಳ್ಳುವ ಕಚೇರಿಗಳಿಂದ ಒಂದು ಬೇಡಿಕೆ ಬರುತ್ತಲೇ ಇರುತ್ತದೆ: 'ಪೂರ್ತಿ ಬ್ಯಾಕಪ್ ಎರಡನೇ ಶನಿವಾರ ಬೆಳಿಗ್ಗೆ 9ಕ್ಕೆ ಓಡಲಿ, ಅವತ್ತು ಯಾರಿಗೂ ತೊಂದರೆಯಿಲ್ಲ.' ಕೇಳಲು ಸುಲಭ, ಆದರೆ ಹೇಳಿದ ಹೊತ್ತಿಗೆ ಜಾಬ್ ಓಡಿಸುವ ಕ್ರಾನ್‌ನಲ್ಲಿ ಬರೆಯುವಾಗ ಹೊಸಬರು ಮಾತ್ರವಲ್ಲ, ಹಳಬರೂ ಎಡವುವುದು ಇಲ್ಲೇ.

ಕ್ರಾನ್ ಸಾಲಿನಲ್ಲಿ ಮೊದಲು ಐದು ಜಾಗಗಳಿರುತ್ತವೆ: ನಿಮಿಷ, ಗಂಟೆ, ತಾರೀಖು, ತಿಂಗಳು, ವಾರದ ದಿನ. ಭಾನುವಾರಕ್ಕೆ 0, ಸೋಮವಾರಕ್ಕೆ 1, ಶನಿವಾರಕ್ಕೆ 6. ಲಿನಕ್ಸ್‌ನಲ್ಲಿ ಭಾನುವಾರಕ್ಕೆ 7 ಅಂತ ಹಾಕಿದರೂ ನಡೆಯುತ್ತದೆ. ಸೋಮವಾರದಿಂದ ಶುಕ್ರವಾರದವರೆಗೆ ಬೆಳಿಗ್ಗೆ 9ಕ್ಕೆ ಅಂದರೆ `0 9 * * 1-5`. ಇಷ್ಟರವರೆಗೆ ಏನೂ ತಕರಾರಿಲ್ಲ.

ಈಗ ಎರಡನೇ ಶನಿವಾರ. ಅದು ಯಾವ ತಿಂಗಳಲ್ಲೂ 8ರಿಂದ 14ನೇ ತಾರೀಖಿನ ಒಳಗೇ ಬರುತ್ತದೆ, ಅಲ್ವಾ? ಹಾಗಾಗಿ ಎಲ್ಲರೂ ಮೊದಲು ಬರೆಯುವುದು ಇದನ್ನೇ:

```
0 9 8-14 * 6 /opt/backup.sh
```

'ತಾರೀಖು 8ರಿಂದ 14 ಆಗಿರಬೇಕು, ಜೊತೆಗೆ ಶನಿವಾರವೂ ಆಗಿರಬೇಕು' ಅಂತ ನಾವು ಓದಿಕೊಳ್ಳುತ್ತೇವೆ. ಕ್ರಾನ್ ಹಾಗೆ ಓದುವುದಿಲ್ಲ. ತಾರೀಖು, ವಾರ ಎರಡೂ ಕಡೆ ನಕ್ಷತ್ರ ಚಿಹ್ನೆ ಬಿಟ್ಟು ಬೇರೇನಾದರೂ ಹಾಕಿದರೆ, ಎರಡರಲ್ಲಿ ಯಾವುದಾದರೂ ಒಂದು ಹೊಂದಿದರೆ ಸಾಕು, ಅದು ಜಾಬ್ ಓಡಿಸಿಬಿಡುತ್ತದೆ. ಉಳಿದ ಜಾಗಗಳೆಲ್ಲ ಒಟ್ಟಿಗೇ ಹೊಂದಬೇಕು, ಈ ಎರಡಕ್ಕೆ ಮಾತ್ರ ಬೇರೆ ನಿಯಮ.

2026ರ ಸೆಪ್ಟೆಂಬರ್ ತೆಗೆದುಕೊಳ್ಳಿ. ಶನಿವಾರಗಳು 5, 12, 19, 26. ನಮಗೆ ಬೇಕಿದ್ದದ್ದು 12ನೇ ತಾರೀಖು ಒಂದೇ. ಮೇಲಿನ ಸಾಲು 8ರಿಂದ 14ರವರೆಗೆ ದಿನಾ ಓಡುತ್ತದೆ, ಜೊತೆಗೆ 5, 19, 26ರಂದೂ ಓಡುತ್ತದೆ. ಒಂದು ಸಲದ ಬದಲು 10 ಸಲ! ಅದರಲ್ಲೂ 9, 10, 11 ಕೆಲಸದ ದಿನಗಳು. ಬೆಳಿಗ್ಗೆ 9ಕ್ಕೆ ಸರ್ವರ್ ನಿಧಾನವಾಯಿತು ಅಂತ ಕಚೇರಿಯಿಂದ ಫೋನ್ ಬರುತ್ತದೆ, ನೀವು ನೆಟ್‌ವರ್ಕ್ ಮೇಲೆ ಅನುಮಾನ ಪಡುತ್ತೀರಿ.

ದಾರಿ ಇದು. ತಾರೀಖನ್ನು ಕ್ರಾನ್‌ಗೆ ಬಿಡಿ, ವಾರವನ್ನು ಆಜ್ಞೆಯಲ್ಲೇ ಪರೀಕ್ಷಿಸಿ:

```
0 9 8-14 * * [ "$(date +\%u)" = 6 ] && /opt/backup.sh
```

ಕ್ರಾನ್ ಆ ಏಳು ದಿನವೂ ಏಳುತ್ತದೆ, ಶನಿವಾರ ಅಲ್ಲದಿದ್ದರೆ ಏನೂ ಮಾಡದೆ ಸುಮ್ನೆ ಮಲಗುತ್ತದೆ. `date +%u` ಸೋಮವಾರಕ್ಕೆ 1, ಶನಿವಾರಕ್ಕೆ 6, ಭಾನುವಾರಕ್ಕೆ 7 ಕೊಡುತ್ತದೆ. ಪರೀಕ್ಷಿಸಬೇಕಾದದ್ದು ಭಾನುವಾರವಾದರೆ ಇಲ್ಲಿ 0 ಬರೆಯಬೇಡಿ, ಅದು ಎಂದೂ ಹೊಂದುವುದಿಲ್ಲ.

ಶೇಕಡಾ ಚಿಹ್ನೆಯ ಹಿಂದಿರುವ ಓರೆ ಗೆರೆಯನ್ನು ಗಮನಿಸಿದಿರಾ? ಕ್ರಾನ್‌ಟ್ಯಾಬ್‌ನಲ್ಲಿ ಬರೀ `%` ಸಿಕ್ಕಿದರೆ ಕ್ರಾನ್ ಆಜ್ಞೆಯನ್ನು ಅಲ್ಲಿಗೇ ತುಂಡು ಮಾಡುತ್ತದೆ. ಉಳಿದ ಭಾಗವನ್ನು ಆ ಆಜ್ಞೆಗೆ ಇನ್‌ಪುಟ್ ಆಗಿ ಕೊಡುತ್ತದೆ. ಟರ್ಮಿನಲ್‌ನಲ್ಲಿ ಸರಿಯಾಗಿ ಓಡಿದ ಸಾಲು ಕ್ರಾನ್‌ನಲ್ಲಿ ಓಡದಿದ್ದರೆ ನಾನು ಮೊದಲು ಹುಡುಕುವುದು ಈ ಚಿಹ್ನೆಯನ್ನೇ.

ಇನ್ನೊಂದು ತಲೆನೋವು ಸಮಯ ವಲಯದ್ದು. ಕ್ಲೌಡ್ ಸರ್ವರ್‌ಗಳು ಸಾಮಾನ್ಯವಾಗಿ ಯುಟಿಸಿಯಲ್ಲಿರುತ್ತವೆ, ಅಂದರೆ ನಮಗಿಂತ ಐದೂವರೆ ಗಂಟೆ ಹಿಂದೆ. `timedatectl` ಕೊಟ್ಟು ನೋಡಿಕೊಳ್ಳಿ. ಬೆಳಿಗ್ಗೆ 9 ಅಂದರೆ ಅಲ್ಲಿ 3:30, ವಾರ ಅದೇ. ಆದರೆ ನಮ್ಮ ಬೆಳಗಿನ 5:30ಕ್ಕಿಂತ ಮುಂಚಿನ ಜಾಬ್ ಆದರೆ ವಾರವೇ ಹಿಂದಿನ ದಿನಕ್ಕೆ ಸರಿಯುತ್ತದೆ. ಶನಿವಾರ ನಸುಕಿನ 2:30 ಅಲ್ಲಿ ಶುಕ್ರವಾರ ರಾತ್ರಿ 9 ಗಂಟೆ. ಆಗ ಗಂಟೆಯನ್ನಷ್ಟೇ ಬದಲಿಸಿದರೆ ಸಾಲದು, ತಾರೀಖು ಮತ್ತು ವಾರವನ್ನೂ ಒಂದೊಂದು ಹಿಂದಕ್ಕೆ ತರಬೇಕು:

```
0 21 7-13 * * [ "$(date +\%u)" = 5 ] && /opt/backup.sh
```

ಈ ಸಾಲಿನ ಮೇಲೆ `#` ಹಾಕಿ 'ಭಾರತದಲ್ಲಿ ಎರಡನೇ ಶನಿವಾರ ನಸುಕಿನ 2:30' ಅಂತ ಬರೆದಿಡಿ. ಇಲ್ಲದಿದ್ದರೆ ಮುಂದೆ ಯಾರೋ ಇದನ್ನು ನೋಡಿ ತಪ್ಪು ಅಂದುಕೊಂಡು 'ಸರಿ' ಮಾಡುತ್ತಾರೆ. ಕ್ರಾನ್‌ಟ್ಯಾಬ್‌ನಲ್ಲೇ `CRON_TZ` ಅಂತ ವಲಯ ಹೇಳುವ ಸೌಲಭ್ಯ ಕೆಲವು ಕ್ರಾನ್‌ಗಳಲ್ಲಿದೆ, ಎಲ್ಲದರಲ್ಲೂ ಇಲ್ಲ. `man 5 crontab` ನೋಡದೆ ಅದನ್ನು ನಂಬಬೇಡಿ.

ಸಿಸ್ಟಮ್‌ಡಿ ಇರುವ ಸರ್ವರ್ ಆದರೆ ನಾನು ಇಂಥ ಜಾಬ್‌ಗಳನ್ನು ಟೈಮರ್‌ಗೇ ಹಾಕುತ್ತೇನೆ. ಅಲ್ಲಿ ವಾರ ಮತ್ತು ತಾರೀಖು ಎರಡೂ ಹೊಂದಲೇಬೇಕು. ವಲಯವನ್ನೂ ಅದೇ ಸಾಲಿನಲ್ಲಿ ಹೇಳಬಹುದು. ಮುಂದಿನ ಕೆಲವು ಸರದಿ ಯಾವಾಗ ಅಂತ ಮೊದಲೇ ಕೇಳಿ ನೋಡಬಹುದು:

```
systemd-analyze calendar --iterations=4 "Sat *-*-08..14 02:30 Asia/Kolkata"
```

ಬಂದ ನಾಲ್ಕು ತಾರೀಖುಗಳನ್ನು ಗೋಡೆಯ ಕ್ಯಾಲೆಂಡರ್ ಜೊತೆ ಹೋಲಿಸಿ, ಆಮೇಲೆ ಟೈಮರ್ ಶುರು ಮಾಡಿ.