ಫೆಬ್ರವರಿ 29ರ ಮಗುವಿಗೆ ಹದಿನೆಂಟು ತುಂಬುವುದು ಯಾವತ್ತು?

ಅಧಿಕ ವರ್ಷ ಬಂದು ಹೋದ ಮೇಲೆ ನನ್ನ ಆಫೀಸಿಗೆ ಒಂದೇ ಪ್ರಶ್ನೆ ಹಿಡಿದುಕೊಂಡು ಅಪ್ಪ ಅಮ್ಮಂದಿರು ಬರುತ್ತಾರೆ. "ಸಾರ್, ಮಗು ಫೆಬ್ರವರಿ 29ಕ್ಕೆ ಹುಟ್ಟಿದೆ. ನಾಲ್ಕು ವರ್ಷಕ್ಕೊಂದು ಸಲ ಹುಟ್ಟುಹಬ್ಬ ಅಂದರೆ ಮುಂದೆ ತೊಂದರೆ ಅಲ್ವಾ? ಸ್ಕೂಲಿಗೆ ಸೇರಿಸುವಾಗ 28 ಅಂತ ಬರೆಸಿಬಿಡೋಣ ಅಂತಿದ್ದೀವಿ." ಕೆಲವರು ಮಾರ್ಚ್ 1 ಅನ್ನುತ್ತಾರೆ. ಇನ್ನು ಕೆಲವರು ಬರೆಸಿ ಆದ ಮೇಲೆ ಬರುತ್ತಾರೆ. ಅವರನ್ನು ಕಂಡರೆ ನಿಜಕ್ಕೂ ಸಂಕಟವಾಗುತ್ತದೆ.

ದಯವಿಟ್ಟು ಹಾಗೆ ಮಾಡಬೇಡಿ. ಹುಟ್ಟಿದ ದಿನ ಬೇರೆ, ಹುಟ್ಟುಹಬ್ಬ ಆಚರಿಸುವ ದಿನ ಬೇರೆ. ಆಚರಣೆ ಪೂರ್ತಿ ನಿಮ್ಮ ಇಷ್ಟ. 28ಕ್ಕೆ ಮಾಡಿ, ಮಾರ್ಚ್ 1ಕ್ಕೆ ಮಾಡಿ, ಎರಡೂ ದಿನ ಪಾಯಸ ಮಾಡಿ. ತಿಥಿ ನೋಡುವ ಮನೆಗಳಲ್ಲಿ ಈ ಗೊಂದಲವೇ ಇಲ್ಲ. 2024ರ ಫೆಬ್ರವರಿ 29 ಮಾಘ ಬಹುಳ ಪಂಚಮಿ. ಆ ತಿಥಿ ಪ್ರತಿ ವರ್ಷ ಬರುತ್ತದೆ. ದಾಖಲೆಯಲ್ಲಿ ಮಾತ್ರ ಹುಟ್ಟಿದ ದಿನವೇ ಇರಬೇಕು.

ಈಗ ಇದು ಮೊದಲಿಗಿಂತ ಜಾಸ್ತಿ ಮುಖ್ಯ. ಜನನ ಮರಣ ನೋಂದಣಿ ಕಾಯ್ದೆಗೆ 2023ರಲ್ಲಿ ತಿದ್ದುಪಡಿ ಆಯಿತು. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆ ಸೇರುವುದಕ್ಕೆ, ಡ್ರೈವಿಂಗ್ ಲೈಸೆನ್ಸಿಗೆ, ಮತದಾರರ ಪಟ್ಟಿಗೆ, ಮದುವೆ ನೋಂದಣಿಗೆ, ಸರ್ಕಾರಿ ಕೆಲಸಕ್ಕೆ ಜನನ ಪ್ರಮಾಣ ಪತ್ರವೇ ಹುಟ್ಟಿದ ದಿನಾಂಕದ ಆಧಾರ. ಆಸ್ಪತ್ರೆಯಿಂದ 29 ಅಂತ ಹೋಗಿದೆ, ಪ್ರಮಾಣ ಪತ್ರದಲ್ಲಿ 29 ಇದೆ. ಶಾಲೆಯ ದಾಖಲೆಯಲ್ಲಿ 28 ಅಂತ ಆದರೆ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿಗೂ ಅದೇ ಬರುತ್ತದೆ. ಆಮೇಲೆ ಪಾಸ್‌ಪೋರ್ಟ್ ಮಾಡಿಸುವಾಗ ಎರಡು ದಾಖಲೆ ಎರಡು ದಿನಾಂಕ ಹೇಳುತ್ತವೆ. ಸರಿಪಡಿಸಲು ಸಾಮಾನ್ಯವಾಗಿ ಸಿವಿಲ್ ಕೋರ್ಟಿನಲ್ಲಿ ದಾವೆ ಹಾಕಬೇಕಾಗುತ್ತದೆ. ಅಷ್ಟು ಹೊತ್ತಿಗೆ ಹುಡುಗನ ವೀಸಾ ತಾರೀಖು ಹತ್ತಿರ ಬಂದಿರುತ್ತದೆ. ಸರ್ಕಾರಿ ಕೆಲಸಕ್ಕೆ ಸೇರಿದ ಮೇಲಂತೂ ಇನ್ನೂ ಬಿಗಿ. ರಾಜ್ಯ ಸರ್ಕಾರಿ ನೌಕರರ ವಯಸ್ಸಿನ ಬಗ್ಗೆ 1974ರ ಕರ್ನಾಟಕ ಕಾಯ್ದೆಯೇ ಇದೆ. ದಾಖಲಾದ ವಯಸ್ಸನ್ನು ಬದಲಿಸಲು ಮೂರು ವರ್ಷದೊಳಗೆ ಕೇಳಬೇಕು.

ಸರಿ, ದಾಖಲೆಯಲ್ಲಿ 29 ಇದೆ ಅಂತಲೇ ಇಟ್ಟುಕೊಳ್ಳೋಣ. ಆಗ ಬರುವ ಪ್ರಶ್ನೆ, 29 ಇಲ್ಲದ ವರ್ಷದಲ್ಲಿ ವಯಸ್ಸು ತುಂಬುವುದು ಯಾವತ್ತು? ಇದನ್ನು ಎಷ್ಟು ಸಲ ವಿವರಿಸಿದರೂ ಜನ ಕೇಕ್ ಕತ್ತರಿಸುವ ದಿನಕ್ಕೇ ಗಂಟು ಹಾಕುತ್ತಾರೆ. ಅದಕ್ಕೇ ನಿಧಾನವಾಗಿ ಹೇಳುತ್ತೇನೆ.

ಹದಿನೆಂಟನ್ನೇ ತೆಗೆದುಕೊಳ್ಳಿ. ಅಧಿಕ ವರ್ಷಕ್ಕೆ 18 ಕೂಡಿಸಿದರೆ ಯಾವತ್ತೂ ಅಧಿಕ ವರ್ಷ ಬರುವುದಿಲ್ಲ, ಏಕೆಂದರೆ 18 ನಾಲ್ಕರಿಂದ ಭಾಗವಾಗುವುದಿಲ್ಲ. 21 ಕೂಡ ಹಾಗೇ. ಅಂದರೆ 29ಕ್ಕೆ ಹುಟ್ಟಿದ ಪ್ರತಿಯೊಬ್ಬರಿಗೂ ಮೇಜರ್ ಆಗುವ ವರ್ಷ, ಹುಡುಗನಾದರೆ ಮದುವೆ ವಯಸ್ಸು ತುಂಬುವ ವರ್ಷ, ಎರಡರಲ್ಲೂ ಅವರ ತಾರೀಖು ಇರುವುದಿಲ್ಲ. ಕಾನೂನು ಹೆಚ್ಚು ಲೆಕ್ಕ ಕೇಳುವ ವರ್ಷಗಳೂ ಇವೇ.

1875ರ ಭಾರತೀಯ ಪ್ರಾಪ್ತ ವಯಸ್ಕತೆ ಕಾಯ್ದೆ ಎರಡು ಮಾತು ಹೇಳುತ್ತದೆ. ಹುಟ್ಟಿದ ದಿನವನ್ನು ಇಡೀ ಒಂದು ದಿನ ಅಂತ ಲೆಕ್ಕಕ್ಕೆ ಸೇರಿಸಬೇಕು. ಆ ದಿನದ ಹದಿನೆಂಟನೇ ವಾರ್ಷಿಕ ದಿನ ಶುರುವಾಗುತ್ತಿದ್ದಂತೆ ವ್ಯಕ್ತಿ ಮೇಜರ್. ಆದರೆ ಆ ವಾರ್ಷಿಕ ದಿನವೇ ಕ್ಯಾಲೆಂಡರಿನಲ್ಲಿ ಇಲ್ಲದಿದ್ದರೆ ಏನು ಅಂತ ಕಾಯ್ದೆ ಬಾಯಿ ಬಿಡುವುದಿಲ್ಲ. ಹಾಂಗ್‌ಕಾಂಗ್‌ನಲ್ಲಿ ಇದಕ್ಕೆ ಮಾರ್ಚ್ 1 ಅಂತ ಕಾನೂನಿನಲ್ಲೇ ಬರೆದಿದ್ದಾರೆ. ತೈವಾನ್‌ನಲ್ಲಿ ಸಿವಿಲ್ ಕೋಡ್ ಪ್ರಕಾರ ತಿಂಗಳ ಕೊನೆಯ ದಿನಕ್ಕೆ, ಅಂದರೆ 28ಕ್ಕೆ ವರ್ಷ ಮುಗಿಯುತ್ತದೆ. ನಮ್ಮಲ್ಲಿ ಹಾಗೆ ನೇರ ಮಾತಿಲ್ಲ. ಆದ್ದರಿಂದ ಮೂಲ ಲೆಕ್ಕಕ್ಕೇ ಹೋಗಬೇಕು.

2008ರ ಫೆಬ್ರವರಿ 29ಕ್ಕೆ ಹುಟ್ಟಿದ ಮಗು. ಮೊದಲ ದಿನವನ್ನು ಸೇರಿಸಿ ಎಣಿಸಿದರೆ ಮೊದಲ ವರ್ಷ 2009ರ ಫೆಬ್ರವರಿ 28ರ ರಾತ್ರಿ ಹನ್ನೆರಡಕ್ಕೆ ಮುಗಿಯುತ್ತದೆ. 28 ಇನ್ನೂ ಆ ವರ್ಷದ ಒಳಗಿನ ದಿನ, ಅದರ ಕೊನೆಯ ದಿನ. ಹೊಸ ವರ್ಷ ಶುರುವಾಗುವುದು ಮಾರ್ಚ್ 1ರ ಬೆಳಗಿಗೆ. ಇದೇ ಲೆಕ್ಕ ಹಿಡಿದು ಹೋದರೆ ಹದಿನೆಂಟನೇ ವರ್ಷ 2026ರ ಫೆಬ್ರವರಿ 28ರ ಮಧ್ಯರಾತ್ರಿಗೆ ತುಂಬುತ್ತದೆ. ಮಾರ್ಚ್ 1 ಶುರುವಾದಾಗ ಮಗು ಮೇಜರ್. ನನ್ನ ಓದು ಇದು. 28 ಶುರುವಾದಾಗಲೇ ಮೇಜರ್ ಅಂತ ವಾದಿಸುವವರು ಇಲ್ಲದಿಲ್ಲ. ಒಂದು ದಿನ ಕಾದರೆ ಎರಡೂ ವಾದಕ್ಕೆ ಉತ್ತರ ಸಿಕ್ಕಂತಾಯಿತು. ಒಂದು ದಿನ ಮುಂಚೆ ಹೋದರೆ ವಾದಕ್ಕೆ ನೀವೇ ಜಾಗ ಕೊಟ್ಟಂತೆ.

ಒಬ್ಬರು ದಿನಗಳನ್ನೇ ಎಣಿಸಿಕೊಂಡು ಬಂದಿದ್ದರು. ಅದರಿಂದ ತೀರ್ಮಾನ ಆಗುವುದಿಲ್ಲ. ಕಾನೂನು ವರ್ಷವನ್ನು ಎಣಿಸುವುದು ಕ್ಯಾಲೆಂಡರಿನ ಮೇಲೆ, 365ರ ಕಟ್ಟುಗಳಲ್ಲಿ ಅಲ್ಲ.

ಒಂದು ದಿನದಿಂದ ಏನು ಹೋಗುತ್ತದೆ ಅನ್ನುವವರಿಗೆ ಒಂದು ಪ್ರಕರಣ ಹೇಳುತ್ತೇನೆ. ತಂದೆ ಇಲ್ಲದ ಹುಡುಗ, ಹುಟ್ಟಿದ್ದು 2008ರ ಫೆಬ್ರವರಿ 29. ಪಿತ್ರಾರ್ಜಿತ ಜಮೀನು, ಪಾಲು ಆಗಬೇಕು. ಮೈನರ್ ಇದ್ದಾಗ ಪಾಲು ಮಾಡಿದರೆ ಮುಂದೆ ದೊಡ್ಡವನಾಗಿ ಪ್ರಶ್ನೆ ಮಾಡಬಹುದು ಅಂತ ಮನೆಯವರು ಕಾದಿದ್ದರು. ಒಳ್ಳೆಯ ಜನ, ಯಾರಿಗೂ ಮೋಸ ಮಾಡುವ ಮನಸ್ಸಿಲ್ಲ. 2026ರ ಫೆಬ್ರವರಿ 28 ಶನಿವಾರ. ಅತ್ತೆಯರು ಊರಿಗೆ ಬಂದಿದ್ದರು, ಭಾನುವಾರ ವಾಪಸ್ ಹೊರಡಬೇಕು. ನಾಲ್ಕನೇ ಶನಿವಾರ ಆದ್ದರಿಂದ ಸಬ್ ರಿಜಿಸ್ಟ್ರಾರ್ ಆಫೀಸಿಗೆ ರಜೆ. ಅದಕ್ಕೆ ಹುಡುಗನ ಚಿಕ್ಕಪ್ಪ ಒಂದು ದಾರಿ ಹುಡುಕಿದ್ದರು. ಶನಿವಾರ ಮನೆಯಲ್ಲೇ ಎಲ್ಲರೂ ಪಾಲು ಪತ್ರಕ್ಕೆ ಸಹಿ ಹಾಕುವುದು, ನೋಂದಣಿ ಸೋಮವಾರದ ಮೇಲೆ ಮಾಡಿಸುವುದು. ಬರೆದುಕೊಂಡ ಪತ್ರವನ್ನು ನಾಲ್ಕು ತಿಂಗಳೊಳಗೆ ನೋಂದಣಿಗೆ ಹಾಜರುಪಡಿಸಬಹುದು ಅನ್ನುವುದು ಅವರಿಗೆ ಗೊತ್ತಿತ್ತು. ಅದು ನಿಜ ಕೂಡ.

"ಹೇಗಿದ್ರೂ ನೋಂದಣಿ ದಿನ ಅವನಿಗೆ ಹದಿನೆಂಟು ಆಗಿರುತ್ತಲ್ಲ ಸಾರ್. ಪ್ರತಿ ವರ್ಷ ನಾವು 28ಕ್ಕೇ ಹುಟ್ಟುಹಬ್ಬ ಮಾಡೋದು" ಅಂದರು.

"ಯಜಮಾನ್ರೇ, ನೋಂದಣಿ ದಿನ ಅಲ್ಲ, ಸಹಿ ಹಾಕಿದ ದಿನ ನೋಡ್ತಾರೆ" ಅಂದೆ. ಮೈನರ್ ಮಾಡಿಕೊಂಡ ಕರಾರು ಮೊದಲಿಂದಲೇ ಅಸಿಂಧು ಅಂತ ಪ್ರಿವಿ ಕೌನ್ಸಿಲ್ 1903ರಲ್ಲೇ ಹೇಳಿದೆ. ಮೇಜರ್ ಆದ ಮೇಲೆ 'ಒಪ್ಪಿದೆ' ಅಂದರೂ ಆ ಹಳೆಯ ಕರಾರಿಗೆ ಜೀವ ಬರುವುದಿಲ್ಲ, ಹೊಸದಾಗಿ ಮಾಡಿಕೊಳ್ಳಬೇಕು. ಪತ್ರದ ಮೇಲೆ 28-02-2026 ಅಂತ ತಾರೀಖು, ಜೊತೆಗೆ ಲಗತ್ತಿಸಿದ ದಾಖಲೆಯಲ್ಲಿ ಹುಟ್ಟಿದ್ದು 29-02-2008 ಅಂತ. ಹತ್ತು ವರ್ಷ ಬಿಟ್ಟು ಬ್ಯಾಂಕಿನ ವಕೀಲರು ಸಾಲಕ್ಕಾಗಿ ಈ ಪತ್ರ ಓದಿದರೆ ಮೊದಲು ಕಣ್ಣಿಗೆ ಬೀಳುವುದು ಇದೇ. ಹುಡುಗ ಪ್ರಶ್ನೆ ಮಾಡದಿದ್ದರೂ ಜಮೀನು ಕೊಳ್ಳಲು ಬಂದವರು ಮಾಡುತ್ತಾರೆ.

ಚಿಕ್ಕಪ್ಪನಿಗೆ ಬೇಜಾರಾಯಿತು. ಆದರೂ ಅತ್ತೆಯರು ಉಳಿದುಕೊಂಡರು. ಸೋಮವಾರ ಮಾರ್ಚ್ 2ಕ್ಕೆ ಸಹಿ, ಅವತ್ತೇ ನೋಂದಣಿ. ಮಾರ್ಚ್ 1ರ ಭಾನುವಾರವೇ ಸಹಿ ಹಾಕಬಹುದಿತ್ತು. ಆದರೆ ಬದಿಯಲ್ಲಿ ಒಂದು ದಿನ ಖಾಲಿ ಬಿಡುವುದು ನನ್ನ ಅಭ್ಯಾಸ.

ಇಲ್ಲಿಯವರೆಗೆ ಹೇಳಿದ್ದು ಕನಿಷ್ಠ ವಯಸ್ಸಿನ ವಿಷಯ. ಗರಿಷ್ಠ ವಯಸ್ಸಿನಲ್ಲಿ ಎಚ್ಚರ ತಿರುಗಿಸಿಕೊಳ್ಳಬೇಕು. ನೇಮಕಾತಿ ಜಾಹೀರಾತಿನಲ್ಲಿ "ಇಂಥ ದಿನಕ್ಕೆ 28 ವರ್ಷ ಆಗಿರಬಾರದು" ಅಂತ ಇರುತ್ತದೆ. ರಾಜಸ್ಥಾನದ ಒಬ್ಬ ಅಭ್ಯರ್ಥಿ ಹುಟ್ಟಿದ್ದು 1956ರ ಜನವರಿ 2. ನಿಯಮದ ಪ್ರಕಾರ 1984ರ ಜನವರಿ 1ಕ್ಕೆ 28 ಆಗಿರಬಾರದು. ನನಗೆ ನಾಳೆ ತಾನೇ 28 ಆಗುವುದು ಅನ್ನುವುದು ಅವರ ವಾದ. 1986ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಜನವರಿ 1ರ ಮಧ್ಯರಾತ್ರಿಗೆ 28 ವರ್ಷ ತುಂಬಿಹೋಯಿತು ಅಂದಿತು. ಹುಟ್ಟಿದ ದಿನವನ್ನು ಸೇರಿಸಿ ಎಣಿಸುವ ಅದೇ ಲೆಕ್ಕ. ಇದನ್ನು 29ರವರಿಗೆ ಹಾಕಿದರೆ ಫೆಬ್ರವರಿ 28ರ ಕೊನೆಗೆ ವಯಸ್ಸು ತುಂಬಿತು ಅಂತಾಗುತ್ತದೆ. ಆದ್ದರಿಂದ ಕಡೆಯ ದಿನ ಫೆಬ್ರವರಿ 28 ಆಗಿದ್ದರೆ "ನನ್ನದು ಮಾರ್ಚ್ 1" ಅಂತ ನಂಬಿಕೊಂಡು ಕೂರಬೇಡಿ. ಅರ್ಹತೆ ಬೇಕಾದಾಗ ಮಾರ್ಚ್ 1ರವರೆಗೆ ಕಾಯಿರಿ. ಮಿತಿ ದಾಟಬಾರದು ಅಂದಾಗ 28ಕ್ಕೇ ದಾಟಿತು ಅಂತ ಎಣಿಸಿ.

ಎಲ್ಲ ಕಡೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಮತದಾರರ ಪಟ್ಟಿಗೆ ಈಗ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳ ಮೊದಲ ದಿನಗಳು ಲೆಕ್ಕ. 28 ಆದರೂ ಮಾರ್ಚ್ 1 ಆದರೂ ಏಪ್ರಿಲ್ 1ಕ್ಕೆ ಹದಿನೆಂಟು ತುಂಬಿರುತ್ತದೆ. ನಿವೃತ್ತಿಯ ಬಗ್ಗೆ ಒಬ್ಬರು ಮೇಷ್ಟ್ರು ತುಂಬಾ ಆಸೆ ಇಟ್ಟುಕೊಂಡು ಬಂದಿದ್ದರು. ಹುಟ್ಟಿದ್ದು 1964ರ ಫೆಬ್ರವರಿ 29. ವಯಸ್ಸು ಮಾರ್ಚ್‌ಗೆ ತುಂಬಿದರೆ ಇನ್ನೊಂದು ತಿಂಗಳ ಸಂಬಳ ಅಂತ ಯಾರೋ ಹೇಳಿದ್ದರಂತೆ. 60 ನಾಲ್ಕರಿಂದ ಭಾಗವಾಗುತ್ತದೆ. 2024ರಲ್ಲಿ 29 ಇದ್ದೇ ಇತ್ತು, ಅದೇ ತಿಂಗಳ ಕೊನೆಯ ದಿನವೂ ಹೌದು. ಪಾಪ, ಅವರಿಗೆ ಅದನ್ನು ಹೇಳುವಾಗ ನನಗೂ ಬೇಸರವಾಯಿತು.

ಇನ್ನು ವಾರ್ಷಿಕೋತ್ಸವ. ಮದುವೆಯ ದಿನವನ್ನು ಯಾವತ್ತು ಬೇಕಾದರೂ ಆಚರಿಸಿ, ಕಾನೂನು ಕೇಳುವುದಿಲ್ಲ. ದುಡ್ಡಿನ ಕಾಗದದಲ್ಲಿ ಮಾತ್ರ ಹುಷಾರು. 2024ರ ಫೆಬ್ರವರಿ 29ಕ್ಕೆ ಬರೆಸಿಕೊಂಡ, ಕೇಳಿದಾಗ ಕೊಡಬೇಕಾದ ಪ್ರೋನೋಟು ನಿಮ್ಮ ಹತ್ತಿರ ಇದೆ ಅನ್ನೋಣ. ದಾವೆ ಹಾಕಲು ಮೂರು ವರ್ಷದ ಕಾಲಮಿತಿ. ಇಲ್ಲಿ ಬರೆದ ದಿನವನ್ನು ಬಿಟ್ಟು ಎಣಿಸುತ್ತಾರೆ. ವಯಸ್ಸಿನ ಲೆಕ್ಕಕ್ಕೂ ಇದಕ್ಕೂ ಇರುವ ವ್ಯತ್ಯಾಸ ಅದು. ಮಾರ್ಚ್ 1ರಿಂದ ಶುರು, ಮೂರು ವರ್ಷ ಮುಗಿಯುವುದು 2027ರ ಫೆಬ್ರವರಿ 28ಕ್ಕೆ. ಅವತ್ತು ಭಾನುವಾರ. ಕೋರ್ಟ್ ಮುಚ್ಚಿದ್ದರೆ ತೆರೆದ ದಿನ, ಅಂದರೆ ಸೋಮವಾರ ಮಾರ್ಚ್ 1ಕ್ಕೆ ದಾವೆ ಹಾಕಬಹುದು ಅಂತ ಕಾಲಮಿತಿ ಕಾಯ್ದೆಯ 4ನೇ ಕಲಂ ಹೇಳುತ್ತದೆ. ಆದರೆ ಆ ಸೋಮವಾರ ನಿಮಗೆ ಸಿಗುತ್ತಿರುವುದು ಭಾನುವಾರದ ದೆಸೆಯಿಂದ. 29ಕ್ಕೆ ಬರೆದದ್ದು, ಹಾಗಾಗಿ ಮಾರ್ಚ್ 1ರವರೆಗೆ ಟೈಮ್ ಇದೆ ಅಂತ ಅಂದುಕೊಳ್ಳಬೇಡಿ. ಅದೇ ಲೆಕ್ಕವನ್ನು ಬೇರೆ ವರ್ಷಕ್ಕೆ ಹಿಡಿದರೆ ಒಂದು ದಿನ ತಡವಾಗಿ ಇಡೀ ಸಾಲ ಹೋಗುತ್ತದೆ. ಅಂಥ ಪ್ರೋನೋಟು ಇರುವವರು 2027ರ ಜನವರಿಯಲ್ಲೇ ಮೂಲ ಕಾಗದ ತೆಗೆದುಕೊಂಡು ನಿಮ್ಮ ವಕೀಲರ ಹತ್ತಿರ ಹೋಗಿ. ಮಧ್ಯೆ ಬಡ್ಡಿ ಅಥವಾ ಅಸಲಿನ ಬಾಬ್ತು ಏನಾದರೂ ಬಂದು ಸಾಲಗಾರರ ಸಹಿ ಬಿದ್ದಿದ್ದರೆ ಅದನ್ನೂ ತೋರಿಸಿ. ಆಗ ಲೆಕ್ಕ ಆ ದಿನದಿಂದ ಹೊಸದಾಗಿ ಶುರುವಾಗಬಹುದು.