ಸಂದರ್ಶಕರ ಮುಖ ಗಂಟಿಕ್ಕಿದಾಗ

ಜರ್ಮನಿಯ ಟ್ರಿಯರ್ ವಿಶ್ವವಿದ್ಯಾಲಯದ ಸಂಶೋಧಕರು 1993ರಲ್ಲಿ ಒಂದು ಪರೀಕ್ಷೆಯನ್ನು ಪ್ರಕಟಿಸಿದರು. ಯಾರಿಗೂ ನೋವು ಮಾಡದೆ, ಪ್ರಯೋಗಾಲಯದಲ್ಲಿ ನಿಜವಾದ ಒತ್ತಡ ಹುಟ್ಟಿಸುವುದು ಹೇಗೆ? ಅದಕ್ಕೆ ಅವರು ಆರಿಸಿಕೊಂಡದ್ದು ಕೆಲಸದ ಸಂದರ್ಶನವನ್ನು. ಎದುರಿಗೆ ಕೂತವರ ಮುಂದೆ ನಿಂತು 5 ನಿಮಿಷ "ಈ ಕೆಲಸಕ್ಕೆ ನಾನೇ ಯಾಕೆ ಸರಿ" ಅಂತ ಮಾತಾಡಬೇಕು. ಆಮೇಲೆ 5 ನಿಮಿಷ, 1022ರಿಂದ ಹದಿಮೂರು ಹದಿಮೂರು ಕಳೆಯುತ್ತಾ ಹೋಗಬೇಕು. ತಪ್ಪಿದರೆ ಮತ್ತೆ 1022ರಿಂದ ಶುರು. ಕೂತವರು ನಗುವುದಿಲ್ಲ, ತಲೆ ಆಡಿಸುವುದಿಲ್ಲ. ಮಾತು ಬೇಗ ಮುಗಿದರೆ "ಇನ್ನೂ ಸಮಯ ಇದೆ, ಮುಂದುವರಿಸಿ" ಅನ್ನುತ್ತಾರೆ. ಮತ್ತೆ ನಿಂತುಹೋದರೆ 20 ಸೆಕೆಂಡು ಸುಮ್ಮನೆ ನೋಡುತ್ತಾರೆ.

ಇಷ್ಟೇ ಸಾಕಾಯಿತು. ಒತ್ತಡದ ಹಾರ್ಮೋನಾದ ಕಾರ್ಟಿಸಾಲನ್ನು ಜೊಲ್ಲಿನಲ್ಲಿ ಅಳೆದಾಗ ಎರಡರಿಂದ ನಾಲ್ಕು ಪಟ್ಟು ಏರಿತ್ತು. 2013ರಲ್ಲಿ ಇನ್ನೊಂದು ತಂಡ ಇದರ ಸ್ನೇಹದ ರೂಪವನ್ನು ಪ್ರಕಟಿಸಿತು. ಆಗಲೂ ಅಪರಿಚಿತರ ಮುಂದೆ ನಿಂತು ತಮ್ಮ ಕೆಲಸದ ಆಸೆಗಳ ಬಗ್ಗೆಯೇ ಮಾತಾಡಬೇಕು. ಆದರೆ ಎದುರಿಗಿದ್ದವರು ನಗುತ್ತಾ, ತಲೆದೂಗುತ್ತಾ ಕೇಳುತ್ತಾರೆ. ಕಾರ್ಟಿಸಾಲ್ ಏರಲಿಲ್ಲ.

ಬಂದವರನ್ನು ಬೇಕಂತಲೇ ಒತ್ತಡಕ್ಕೆ ಸಿಕ್ಕಿಸಿ ನೋಡುವ ಸ್ಟ್ರೆಸ್ ಇಂಟರ್‌ವ್ಯೂ ಅನ್ನುವುದನ್ನು ಅರ್ಥ ಮಾಡಿಕೊಳ್ಳಲು ಇಲ್ಲಿಂದಲೇ ಶುರು ಮಾಡಬೇಕು ಅಂತ ನನಗನ್ನಿಸುತ್ತದೆ. ಕೈ ನಡುಗುವುದು ನಿಮಗೆ ವಿಷಯ ಗೊತ್ತಿಲ್ಲ ಅಂತಲ್ಲ. ಎದುರಿನ ಮುಖ ಏನನ್ನೂ ಹೇಳುತ್ತಿಲ್ಲ, ಅದಕ್ಕೆ. ನಮ್ಮ ಹುಬ್ಬಳ್ಳಿ-ಧಾರವಾಡದ ಕಡೆ ಯಾರ ಜೊತೆ ಮಾತಾಡಿದರೂ ನಡುನಡುವೆ "ಹೂಂ ರೀ", "ಹೌದ್ರಿ" ಬೀಳುತ್ತಲೇ ಇರುತ್ತದೆ. ಅದನ್ನು ಕೇಳಿಕೊಂಡೇ ಮುಂದಿನ ಮಾತು ಕಟ್ಟುವುದು ನಮಗೆ ರೂಢಿ. ಅದು ಒಮ್ಮೆಲೇ ನಿಂತರೆ ಮನಸ್ಸು ಉತ್ತರ ಬಿಟ್ಟು ಮುಖ ಓದಲು ಹೋಗುತ್ತದೆ. "ತಪ್ಪು ಹೇಳಿದೆನಾ? ಇವರಿಗೆ ನಾನು ಹಿಡಿಸಲಿಲ್ಲವಾ?" ಅರ್ಧ ಹೇಳಿದ ವಾಕ್ಯವನ್ನು ತಲೆಯಲ್ಲಿ ಹಿಡಿದಿಟ್ಟುಕೊಳ್ಳುವ ನೆನಪಿನ ಜಾಗ ಬಹಳ ಸಣ್ಣದು. ಮುಖ ಓದುವ ಕೆಲಸವೂ ಅಲ್ಲೇ ನಡೆಯುತ್ತದೆ. ಜಾಗ ತುಂಬಿದ ಕೂಡಲೇ ವಾಕ್ಯದ ಕೊನೆ ಕಳೆದುಹೋಗುತ್ತದೆ.

ಒಂದು ಉದಾಹರಣೆಯನ್ನೇ ನೋಡೋಣ. ಗದಗ ಕಡೆಯ ಒಬ್ಬ ಹುಡುಗಿ ಅಂದುಕೊಳ್ಳಿ. ಬಿ.ಕಾಂ. ಮುಗಿಸಿ ಎರಡು ವರ್ಷ ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿ ಬ್ಯಾಂಕ್ ಪರೀಕ್ಷೆಗೆ ಓದಿದ್ದಾಳೆ. ಆಗಿಲ್ಲ. ಈಗ ಹುಬ್ಬಳ್ಳಿಯಲ್ಲಿ ಸಾಲ ಕೊಡುವ ಒಂದು ಕಂಪನಿಯ ಫೀಲ್ಡ್ ಆಫೀಸರ್ ಕೆಲಸಕ್ಕೆ ಬಂದಿದ್ದಾಳೆ. ಕಂತು ಕಟ್ಟದವರ ಮನೆ ಬಾಗಿಲಿಗೆ ಹೋಗುವ ಕೆಲಸ ಅದು. ಬೈಗುಳ ಕೇಳಬೇಕಾಗುತ್ತದೆ. ಹಾಗಾಗಿ ಸಂದರ್ಶಕರು ಬೇಕಂತಲೇ ಬಿರುಸಾಗಿದ್ದಾರೆ.

"ಎರಡು ವರ್ಷ ಏನ್ ಮಾಡಿದ್ರಿ?"

"ಸರ್, ಬ್ಯಾಂಕ್ ಪರೀಕ್ಷೆಗೆ ಓದ್ತಿದ್ದೆ. ಒಂದ್ಸಲ ಮೇನ್ಸ್ ತನಕ..."

"ಅಂದ್ರ ಆಗ್ಲಿಲ್ಲ. ಬ್ಯಾಂಕಿನವ್ರು ಬ್ಯಾಡ ಅಂದವ್ರನ್ನ ನಾವ್ಯಾಕ ತಗೋಬೇಕ್ರಿ?"

ಇಲ್ಲಿ ಹೆಚ್ಚಿನವರು ಮಾತಿನ ವೇಗ ಹೆಚ್ಚಿಸುತ್ತಾರೆ. ಕಡಿದುಹೋದ ವಾಕ್ಯವನ್ನೂ ಮುಗಿಸಬೇಕು, ಹೊಸ ಪ್ರಶ್ನೆಗೂ ಉತ್ತರಿಸಬೇಕು. ಎರಡೂ ಒಟ್ಟಿಗೆ ಬಾಯಿಗೆ ಬರುತ್ತವೆ. "ಇಲ್ಲ ಸರ್, ಅಂದ್ರೆ, ಅದು ಏನಾಯ್ತು ಅಂದ್ರೆ..." ಅಂತ ಶುರುವಾಗಿ ಮನೆಯ ತಾಪತ್ರಯದವರೆಗೆ ಹೋಗಿ ನಿಲ್ಲುತ್ತದೆ.

ಮಾಡಬೇಕಾದದ್ದು ಬೇರೆ. ಅವರು ನಡುವೆ ಬಾಯಿ ಹಾಕಿದ ತಕ್ಷಣ ನಿಲ್ಲಿಸಬೇಕು. ಪದ ಅರ್ಧ ಆಗಿದ್ದರೂ ಸರಿ. ಅವರ ಮಾತು ಮುಗಿದ ಮೇಲೆ ಬಾಯಿ ಮುಚ್ಚಿ, ಮೂಗಿನಿಂದ ಒಂದು ಉಸಿರನ್ನು ಪೂರ್ತಿ ಹೊರಗೆ ಬಿಡಬೇಕು. ಉಸಿರು ಹೊರಗೆ ಹೋಗುವಾಗ ವೇಗಸ್ ಎಂಬ ನರ ಹೃದಯದ ಬಡಿತವನ್ನು ಸ್ವಲ್ಪ ತಗ್ಗಿಸುತ್ತದೆ. ಅಷ್ಟರಿಂದ ಎದೆ ಬಡಿತ ಶಾಂತವಾಗಿಬಿಡುವುದಿಲ್ಲ. ಆಗಲೇ ರಕ್ತಕ್ಕೆ ಸೇರಿದ ಅಡ್ರಿನಲಿನ್ ಅಷ್ಟು ಬೇಗ ಇಳಿಯುವುದಿಲ್ಲ. ಆದರೆ ಎರಡು-ಮೂರು ಸೆಕೆಂಡು ಸಿಗುತ್ತದೆ. ಆ ಹೊತ್ತು ಉದ್ದ ಅನಿಸುವುದು ನಿಮಗೆ ಮಾತ್ರ. ಎದುರಿಗಿದ್ದವರಿಗೆ ನೀವು ಯೋಚಿಸಿ ಮಾತಾಡುವವರಂತೆ ಕಾಣುತ್ತೀರಿ.

ಆ ಎರಡು ಸೆಕೆಂಡಿನಲ್ಲಿ ಮಾಡುವ ಕೆಲಸ ಒಂದೇ: ಚುಚ್ಚುಮಾತಿನೊಳಗಿನ ಪ್ರಶ್ನೆಯನ್ನು ಹೊರಗೆ ತೆಗೆಯುವುದು. ಅವರ ಮಾತಿನಲ್ಲಿ ಒಂದು ಸಂಗತಿ ಇದೆ: ಪರೀಕ್ಷೆ ಪಾಸಾಗಿಲ್ಲ. ಒಂದು ಪ್ರಶ್ನೆ ಇದೆ: ನಿಮ್ಮಿಂದ ನಮಗೇನು ಉಪಯೋಗ? ಉಳಿದದ್ದು ದನಿ, ಅದಕ್ಕೆ ಉತ್ತರ ಬೇಕಿಲ್ಲ. ಸಂಗತಿಯನ್ನು ಒಂದೇ ಮಾತಿನಲ್ಲಿ ಒಪ್ಪಿಕೊಂಡು ಪ್ರಶ್ನೆಗೆ ಬರಬೇಕು.

"ಹೌದು ಸರ್, ಆಗಲಿಲ್ಲ. ಆದರೆ ಎರಡು ವರ್ಷ ಓದಿದ್ದರಿಂದ ಬಡ್ಡಿ ಲೆಕ್ಕ ಚೆನ್ನಾಗಿ ಗೊತ್ತು. ಊರಲ್ಲಿ ನಮ್ಮ ಅವ್ವನ ಮಹಿಳಾ ಸಂಘದ ಸಾಲದ ಪುಸ್ತಕ ನಾನೇ ಬರೀತೀನಿ. ಯಾರು ಯಾಕೆ ಕಂತು ತಪ್ಪಿಸ್ತಾರೆ ಅಂತ ಹತ್ತಿರದಿಂದ ನೋಡಿದೀನಿ."

ಇಲ್ಲಿಗೆ ನಿಲ್ಲಿಸಬೇಕು. ಈಗ ಬರುವುದೇ ಕಷ್ಟದ ಗಳಿಗೆ. ಅವರು ಏನೂ ಅನ್ನದೆ ಬಯೋಡೇಟಾ ತಿರುವುತ್ತಾರೆ. ಟ್ರಿಯರ್‌ನ 20 ಸೆಕೆಂಡು ಇದು. ಮೌನ ತುಂಬಿಸಲು ಹೋದವರು ಒಳ್ಳೆಯ ಉತ್ತರವನ್ನು ತಾವೇ ಕೆಡಿಸುತ್ತಾರೆ: "ಅಂದ್ರೆ ಸರ್, ಅನುಭವ ಅಂತ ಏನಿಲ್ಲ, ಸುಮ್ನೆ ಮನೆ ಮಟ್ಟಿಗೆ..." ಮೌನ ಅವರದು, ಅದನ್ನು ಮುರಿಯುವ ಹೊಣೆಯೂ ಅವರದೇ. ತೀರಾ ಉದ್ದವಾದರೆ "ಇದರಲ್ಲಿ ಇನ್ನೇನಾದರೂ ಹೇಳಬೇಕಾ ಸರ್?" ಅಂತ ಒಮ್ಮೆ ಕೇಳಬಹುದು. ಮೇನ್ಸ್ ಬಗ್ಗೆ ಕಡಿದುಹೋದ ಮಾತು ಮುಖ್ಯ ಅನಿಸಿದರೆ ಆಮೇಲೆ ಅನುಮತಿ ಕೇಳಿ ಹೇಳಬಹುದು. ಆದರೆ ಪ್ರತಿ ಸಲ ಹಾಗೆ ಹಿಂದಕ್ಕೆ ಹೋದರೆ ಹಟ ಅನ್ನಿಸುತ್ತದೆ.

ಇದನ್ನೆಲ್ಲ ಓದಿದರೆ ಬರುವುದಿಲ್ಲ, ಮೈಗೆ ರೂಢಿಯಾಗಬೇಕು. ಸಪ್ತಾಪುರದಲ್ಲಿ ಒಂದೇ ರೂಮಿನಲ್ಲಿ ಮೂರು-ನಾಲ್ಕು ಜನ ಇರುತ್ತೀರಲ್ಲ, ಅಷ್ಟೇ ಸಾಕು. ಇಬ್ಬರು ಕುರ್ಚಿಯಲ್ಲಿ ಕೂರಲಿ, ಒಂದು ಫೋನು ರೆಕಾರ್ಡ್ ಮಾಡಲಿ. ನಗಬಾರದು, ತಲೆ ಆಡಿಸಬಾರದು. ಒಂದು ಉತ್ತರವನ್ನು ನಡುವೆ ಕಡಿಯಬೇಕು, ಒಂದು ಉತ್ತರದ ನಂತರ 20 ಸೆಕೆಂಡು ಸುಮ್ಮನಿರಬೇಕು. ಯಾವುದಕ್ಕೆ ಅಂತ ಮೊದಲೇ ಹೇಳಬಾರದು. ಅವಮಾನ ಮಾಡುವುದು ಬೇಡ, ಅದು ರ್‍ಯಾಗಿಂಗ್ ಆಗುತ್ತದೆ, ಕಲಿಯುವುದು ಏನೂ ಇರುವುದಿಲ್ಲ. ಮುಗಿದ ಮೇಲೆ ರೆಕಾರ್ಡಿಂಗ್ ಕೇಳಿ. ಮೌನದ ನಂತರ ನೀವಾಗಿಯೇ ಎಷ್ಟು ವಾಕ್ಯ ಸೇರಿಸಿದಿರಿ ಅಂತ ಎಣಿಸಿ. ಆ ಲೆಕ್ಕ ದಿನದಿಂದ ದಿನಕ್ಕೆ ಇಳಿಯುತ್ತಿದ್ದರೆ ಅಭ್ಯಾಸ ಫಲ ಕೊಡುತ್ತಿದೆ ಅಂತ ಅರ್ಥ.

ಟ್ರಿಯರ್‌ನವರೇ 1995ರಲ್ಲಿ 20 ಗಂಡಸರಿಗೆ ಈ ಪರೀಕ್ಷೆಯನ್ನು ಐದು ದಿನ ಮಾಡಿದ್ದರು. ಹೆಚ್ಚಿನವರ ಕಾರ್ಟಿಸಾಲ್ ಏರಿಕೆ ಎರಡನೇ ದಿನದಿಂದಲೇ ಕುಗ್ಗಿತು. ಆದರೆ ಕೆಲವರಿಗೆ ಪ್ರತಿ ದಿನವೂ ಏರುತ್ತಲೇ ಇತ್ತು. ನೀವು ಆ ಕೆಲವರಲ್ಲಿ ಒಬ್ಬರಾಗಿದ್ದರೆ ನಡುಕ ಹೋಗಲಿ ಅಂತ ಕಾಯಬೇಡಿ. ನಡುಗುತ್ತಲೇ ನಿಲ್ಲಿಸುವುದು, ಉಸಿರು ಬಿಡುವುದು, ಮೂರು ವಾಕ್ಯದಲ್ಲಿ ಮುಗಿಸುವುದು ಸಾಧ್ಯ.

ಇನ್ನೊಂದು ಮಾತು. ಜಾತಿ ಯಾವುದು, ಮದುವೆ ಯಾವಾಗ, ಮಕ್ಕಳು ಮಾಡಿಕೊಳ್ಳುತ್ತೀರಾ ಅಂತ ಕೇಳುವುದು ಒತ್ತಡದ ಪರೀಕ್ಷೆ ಅಲ್ಲವೇ ಅಲ್ಲ. "ಅದು ಈ ಕೆಲಸಕ್ಕೆ ಸಂಬಂಧಪಟ್ಟದ್ದಲ್ಲ ಅನಿಸುತ್ತೆ ಸರ್" ಅಂತ ಅದೇ ತಣ್ಣನೆಯ ದನಿಯಲ್ಲಿ ಹೇಳಬಹುದು. ಹಾಗೆ ಹೇಳಿದ್ದಕ್ಕೆ ಕೆಲಸ ಹೋದರೆ ಅಂಥ ಜಾಗ ನಿಮಗೆ ಬೇಕಾಗಿರಲಿಲ್ಲ ಅಂತಲೇ ನಾನು ಹೇಳುತ್ತೇನೆ.

ಕೋಣೆಯಿಂದ ಹೊರಗೆ ಬಂದ ಮೇಲೂ ಮೈ ಅದೇ ಗುಂಗಿನಲ್ಲಿರುತ್ತದೆ. ಅಡ್ರಿನಲಿನ್ ಸೆಕೆಂಡುಗಳಲ್ಲಿ ಬಂದರೆ ಕಾರ್ಟಿಸಾಲ್ ನಿಧಾನ. ಅದು ತುದಿ ಮುಟ್ಟುವುದು ಎಲ್ಲ ಮುಗಿದು 10-20 ನಿಮಿಷ ಆದ ಮೇಲೆ. ಹಾಗಾಗಿ ಧಾರವಾಡಕ್ಕೆ ವಾಪಸ್ ಹೊರಟು ಚಿಗರಿ ಬಸ್ಸಿನಲ್ಲಿ ಕೂತಾಗ "ಎಲ್ಲಾ ಹಾಳು ಮಾಡಿಕೊಂಡೆ" ಅನಿಸಿದರೆ ಆ ತೀರ್ಪನ್ನು ಆಗಲೇ ನಂಬಬೇಡಿ. ಅರ್ಧ ಗಂಟೆಯಲ್ಲಿ ಎರಡನೇ ಸುತ್ತು ಇದ್ದರಂತೂ ಹಳೆಯ ಉತ್ತರಗಳನ್ನು ಕೆದಕುತ್ತಾ ಕೂರಬೇಡಿ. ನೀರು ಕುಡಿದು, 4 ಎಣಿಸುವಷ್ಟು ಹೊತ್ತು ಉಸಿರು ಒಳಗೆ, 6 ಎಣಿಸುವಷ್ಟು ಹೊತ್ತು ಹೊರಗೆ, ಹೀಗೆ 5 ನಿಮಿಷ ಮಾಡಿ. ಆಮೇಲೆ ಎರಡನೇ ಸುತ್ತಿನವರು ಕೇಳಬಹುದಾದ ಮೊದಲ ಪ್ರಶ್ನೆಗೆ ಮೂರು ವಾಕ್ಯ ಕಟ್ಟಿಟ್ಟುಕೊಳ್ಳಿ.