ಮಳೆಗೆ ಹಿಟ್ಟು ಉಬ್ಬಲಿಲ್ವ?

ಕುಶಾಲನಗರದ ಕಡೆಯವ್ರು ಒಬ್ರು ಇಡ್ಲಿ ದೋಸೆ ಹಿಟ್ಟು ಪ್ಯಾಕ್ ಮಾಡಿ ಮಡಿಕೇರಿ, ಸೋಮವಾರಪೇಟೆ ಅಂಗಡಿಗಳಿಗೆ ಹಾಕ್ತಾರೆ. ಅವ್ರಿಗೆ ರೇಡಿಯೋಗೂ ವಾಟ್ಸಾಪ್ ಸ್ಟೇಟಸ್‌ಗೂ ಆಗೋ ಥರ ಹತ್ತು ಸೆಕೆಂಡಿನ ಜಿಂಗಲ್ ಬೇಕಿತ್ತು. ಬ್ರಾಂಡ್ ಹೆಸರು ಇಲ್ಲಿ ಬೇಡ, ಸುಮ್ನೆ 'ಹಬೆ' ಅಂತ ಇಟ್ಕೊಳ್ಳೋಣ.

ಅವ್ರು ಬರ್ಕೊಂಡು ಬಂದಿದ್ದ ಸಾಲು ಹೀಗಿತ್ತು: 'ಅಮ್ಮ ಮನೇಲೇ ರುಬ್ಬಿದ ತಾಜಾ ತಾಜಾ ಹಿಟ್ಟು'. ಕೇಳೋಕೆ ಚೆನ್ನಾಗೇ ಇದೆ, ಆದ್ರೆ ಎಲ್ಲಾ ಹಿಟ್ಟಿನವ್ರೂ ಇದನ್ನೇ ಹಾಡ್ತಾರೆ. ಅದೂ ಅಲ್ದೆ ಆಹಾರದ ಜಾಹೀರಾತಿಗೆ 2018ರ ಎಫ್‌ಎಸ್‌ಎಸ್‌ಎಐ ನಿಯಮ ಉಂಟು, 'ತಾಜಾ', 'ಮನೇಲೇ ಮಾಡಿದ್ದು' ಅನ್ನೋ ಮಾತನ್ನ ಮನಸ್ಸಿಗೆ ಬಂದಂಗೆ ಬಳಸೋ ಹಾಗಿಲ್ಲ, ಮೆಷಿನ್‌ನಲ್ಲಿ ರುಬ್ಬಿ ಹುಳಿ ಬರ್ಸಿ ಪ್ಯಾಕ್ ಮಾಡಿದ್ದನ್ನ ಅಮ್ಮನ ತಲೆಗೆ ಕಟ್ಟೋದ್ಯಾಕೆ ಸುಮ್ನೆ.

ಹಾಗಾಗಿ ನಾನು ಕೇಳಿದ್ದು ಒಂದೇ ಪ್ರಶ್ನೆ, ನಿಮ್ಮ ಹಿಟ್ಟು ಯಾವಾಗ ಜಾಸ್ತಿ ಹೋಗತ್ತೆ? 'ಜೂನ್ ಜುಲೈ ಸಾರ್, ಆಗ ಮನೇಲಿ ರುಬ್ಬಿದ್ದು ಏಳೋದೇ ಇಲ್ವಲ್ಲ' ಅಂದ್ರು. ಕೊಡಗಿನ ಮಳೆಗಾಲ ಗೊತ್ತಿದ್ದವ್ರಿಗೆ ಇದು ಹೇಳ್ಬೇಕಾಗೇ ಇಲ್ಲ, ಥಂಡಿಗೆ ಹುಳಿ ಬರೋ ಕೆಲ್ಸ ನಿಧಾನ ಆಗತ್ತೆ, ರಾತ್ರಿ ಪಾತ್ರೆನ ಒಲೆ ಪಕ್ಕ ಇಟ್ಟು ಕಂಬಳಿ ಸುತ್ತಿದ್ರೂ ಬೆಳಿಗ್ಗೆ ನೋಡಿದ್ರೆ ಹಿಟ್ಟು ಹಾಕಿದಂಗೇ ಇರತ್ತೆ, ಕೊನೆಗೆ ಅಕ್ಕಿ ರೊಟ್ಟಿ ತಟ್ಟೋದೇ ಗತಿ. ಸರಿ, ಜಿಂಗಲ್‌ಗೆ ವಿಷಯ ಸಿಕ್ತು.

ಈಗ ಹಾಡಿನ ನಡೆ ವಿಷಯ. ಇಲ್ಲಿ ಶಾಲೇಲಿ ಕಲ್ತ ಮಾತ್ರೆ ಲೆಕ್ಕ ಬೇಕು, ಹ್ರಸ್ವಕ್ಕೆ ಒಂದು, ದೀರ್ಘಕ್ಕೆ ಎರಡು, ಒಂದೇ ಪದದೊಳಗೆ ಒತ್ತಕ್ಷರದ ಹಿಂದಿನದಕ್ಕೂ ಎರಡು. ಇಡ್ಲಿ ಮೂರು, ದೋಸೆ ಮೂರು, ಹಿಟ್ಟು ಮೂರು, ಚಟ್ನಿನೂ ಮೂರೇ! ಪದಾರ್ಥನೇ ಮೂರು ಮಾತ್ರೆ ನಡೇಲಿ ಹೋಗ್ತಿರುವಾಗ ನಾಲ್ಕರ ಟ್ಯೂನ್ ಹಾಕಿದ್ರೆ ಹಾಡೋರು 'ಇಡ್ಲೀ ದೋಸೇ' ಅಂತ ಎಳೀಲೇಬೇಕಾಗತ್ತೆ. ಅದಕ್ಕೆ ಮೂರರ ನಡೆನೇ ಇಟ್ಟೆ, ಸಾಲಿಗೆ ನಾಲ್ಕು ಬೀಟು:

ಮಳೆಗೆ ಹಿಟ್ಟು ಉಬ್ಬಲಿಲ್ವ?
ಹಬೆಯ ಪ್ಯಾಕು ಬಿಚ್ಚಲಿಲ್ವ?
ಇಡ್ಲಿಗುಂಟು, ದೋಸೆಗುಂಟು
ಹಬೇ... ಹಬೇ!

ನಿಮಿಷಕ್ಕೆ 120 ಬೀಟ್ ಇಟ್ರೆ ಒಂದು ಸಾಲಿಗೆ ಎರಡು ಸೆಕೆಂಡು, ನಾಲ್ಕು ಸಾಲಿಗೆ ಎಂಟು, ಉಳಿದ ಎರಡು ಸೆಕೆಂಡು ಕಾವಲಿ ಮೇಲೆ ಹಿಟ್ಟು ಹುಯ್ದಾಗಿನ ಚೊಂಯ್ ಸದ್ದಿಗೆ. ಸಾಲಿಗೆ ಎಂಟೊಂಬತ್ತು ಅಕ್ಷರ ಅಷ್ಟೇ, ಇನ್ನೂ ತುಂಬಿದ್ರೆ ಮಾತು ಗೊತ್ತಾಗಲ್ಲ. 'ಉಂಟು' ಅನ್ನೋದು ಇಲ್ಲಿ ಕೊಡವರಿಂದ ಅರೆಭಾಷೆಯವ್ರ ತನಕ ಕನ್ನಡ ಮಾತಾಡುವಾಗ ಸಲೀಸಾಗಿ ಬರೋ ಮಾತು, ಅದನ್ನ ಬೇಕಂತಲೇ ಹಾಕಿದ್ದು.

ಎರಡ್ನೇ ಸಾಲಿಗೆ ಓನರ್ 'ಹಬೆಯ ಪ್ಯಾಕು ಮನೇಲಿಲ್ವ' ಅಂತ ಮಾಡಿ ಅಂದ್ರು, ಅರ್ಥ ಇನ್ನೂ ನೇರ ಅಂತ. ಲೆಕ್ಕಕ್ಕೆ ಅದೂ ಹನ್ನೆರಡೇ ಮಾತ್ರೆ. ಆದ್ರೆ ಹಾಡ್ಸಿ ನೋಡಿದ್ರೆ ಹುಡುಗಿ ಪ್ರತಿ ಸಲ 'ಮಾನೇಲಿಲ್ವ' ಅಂತಾಳೆ, ತಪ್ಪು ಅವಳದ್ದಲ್ಲ, ಬೀಟ್ ಬೀಳೋದು 'ಮ' ಮೇಲೆ, ಉದ್ದ ಇರೋದು 'ನೇ'. ಬೀಟಿನ ಪೆಟ್ಟು ಗಿಡ್ಡ ಅಕ್ಷರಕ್ಕೆ ಬಿದ್ದು ಅದ್ರ ಪಕ್ಕದಲ್ಲೇ ಉದ್ದದ್ದು ಇದ್ರೆ ಗಂಟಲು ತಾನಾಗೇ ಹಾಗೆ ಎಳ್ಯತ್ತೆ. 'ಬಿಚ್ಚಲಿಲ್ವ'ದಲ್ಲಿ 'ಬಿಚ್' ಮೊದ್ಲೇ ಭಾರ, ಸರಿಯಾಗಿ ಕೂರತ್ತೆ, ಮೇಲಿನ 'ಉಬ್ಬಲಿಲ್ವ' ಜೊತೆ ಪ್ರಾಸನೂ ಗಟ್ಟಿ. ಕೊನೇ ಸಾಲಿನ 'ಹಬೇ'ನೂ ಹಂಗೇ ಅಲ್ವಾ ಅಂತ ಕೇಳ್ಬೋದು, ನಿಜ, ಆದ್ರೆ ಅದು ಕರೆಯೋ ಕೂಗು, ಕೊನೇ ಸ್ವರ ಎಳೆದ್ರೆ ಚೆಂದನೇ.

ಇನ್ನೊಂದು ಎಚ್ಚರ 'ಉಬ್ಬು' ಪದದ್ದು. ಹಿಟ್ಟು ಪ್ಯಾಕ್ ಒಳಗೂ ಹುಳಿ ಬರ್ತಾನೇ ಇರತ್ತೆ, ಗ್ಯಾಸ್ ಆಗತ್ತೆ, ಫ್ರಿಜ್‌ನಿಂದ ಹೊರಗಿಟ್ಟ ಅಂಗಡೀಲಿ ಕವರ್ ದಿಂಬಿನ ಹಾಗೆ ಊದ್ಕೊಳ್ಳತ್ತೆ, ಗ್ರಾಹಕರ ಮೊದಲ ಕಂಪ್ಲೇಂಟೇ ಅದು. ಹಾಗಾಗಿ ಉಬ್ಬೋದು ಯಾವಾಗ್ಲೂ ಹಿಟ್ಟೇ ಆಗಿರ್ಬೇಕು, ಪ್ಯಾಕು ಆ ಪದದ ಹತ್ರ ಸುಳೀಬಾರ್ದು. ಹಾಡು ಒಪ್ಪಿಸೋ ಮೊದ್ಲು ಹಿಟ್ಟು ಪೂರ್ತಿ ಎದ್ದ ಮೇಲೇ ಪ್ಯಾಕ್ ಆಗತ್ತಾ ಅಂತಾನೂ ಕೇಳ್ಕೊಂಡೆ, ಆಗ್ದೇ ಇದ್ರೆ ಮೊದಲ ಸಾಲೇ ಸುಳ್ಳಾಗತ್ತೆ.

ಕೊನೇ ಪರೀಕ್ಷೆ ಸ್ಟುಡಿಯೋ ಸ್ಪೀಕರಲ್ಲಿ ಬೇಡ. ಮೊಬೈಲಲ್ಲಿ ಒಂದೇ ಸಲ ಹಾಕಿ, ಪಕ್ಕದಲ್ಲಿ ಮಿಕ್ಸಿ ಓಡ್ತಿರ್ಲಿ, ಆಮೇಲೆ ಯಾವ ಹಿಟ್ಟು ಅಂತ ಕೇಳಿ. ಟ್ಯೂನ್ ಗುನುಗಿ ಹೆಸರು ಮರ್ತವ್ರು ಜಾಸ್ತಿ ಇದ್ರೆ ಎರಡ್ನೇ ಸಾಲಿನ ಹೆಸರಿಗೆ ಮುಂಚೆ ವಾದ್ಯ ಅರ್ಧ ಬೀಟ್ ನಿಲ್ಸಿ, ಸಾಹಿತ್ಯ ಮುಟ್ಬೇಡಿ.